ಬೆಳೆ ವಿಮೆಯಲ್ಲಿರುವ ನಡ್ಜ್: ಸುಮ್ಮನಿದ್ದರೆ ಒಪ್ಪಿದಂತೆಯೇ?

ಪ್ರಶ್ನೆ: ಸರ್ಕಾರಿ ನೀತಿಯಲ್ಲಿ ನಡ್ಜ್ ಬಳಸುವುದಕ್ಕೆ ನೈತಿಕ ಆಕ್ಷೇಪ ಏಕೆ? ಪ್ರಬಂಧಕ್ಕೆ ಒಂದು ಉದಾಹರಣೆ ಬೇಕು.

ನಡ್ಜ್ ಎಂದರೆ ಜನರನ್ನು ಒತ್ತಾಯಿಸದೆ ಒಂದು ಆಯ್ಕೆಯತ್ತ ಮೆಲ್ಲಗೆ ತಳ್ಳುವುದು. ಉದಾಹರಣೆಗೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಎಂಬ ಬೆಳೆ ವಿಮೆಯನ್ನೇ ನೋಡಿ. ಬೆಳೆಸಾಲ ಪಡೆದ ರೈತರಿಗೆ ಮೊದಲು ಕಡ್ಡಾಯವಾಗಿದ್ದ ಈ ವಿಮೆ 2020ರ ಮುಂಗಾರಿನಿಂದ ಐಚ್ಛಿಕವಾಯಿತು. ಆದರೆ ಬೇಡವೆನ್ನುವ ಸಾಲಗಾರ ರೈತ, ನೋಂದಣಿಯ ಕೊನೆಯ ದಿನಾಂಕಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕೆಂದು ನಿಯಮ ಮಾಡಿದರು. ಕೊಡದಿದ್ದರೆ ವಿಮೆಯ ಕಂತು ಖಾತೆಯಿಂದ ಕಡಿತ. ಮುಂಗಾರಿನ ರಾಗಿ, ಜೋಳದಂಥ ಬೆಳೆಗೆ ರೈತನ ಪಾಲು ಹೆಚ್ಚೆಂದರೆ ಶೇ 2, ಅಂದರೆ 50,000 ರೂಪಾಯಿ ವಿಮೆಗೆ 1,000 ರೂಪಾಯಿ.

ಆಯ್ಕೆಯನ್ನು ಕಿತ್ತುಕೊಳ್ಳದೆ, ಸುಮ್ಮನಿದ್ದವರನ್ನು ಒಳಗೆ ಸೇರಿಸಿಕೊಳ್ಳುವುದೇ ಇಲ್ಲಿನ ನಡ್ಜ್. ಬರದ ಅಪಾಯವಿದ್ದರೂ ಜನ ಅರ್ಜಿ ಹಾಕುವುದನ್ನು ಮುಂದೂಡುತ್ತಾರೆ, ಹಾಗಾಗಿ ಇದು ಅವರ ಹಿತಕ್ಕೇ ಎಂಬುದು ಸಮರ್ಥನೆ.

ನನಗೆ ಬಲವಾಗಿ ಕಾಣುವ ಆಕ್ಷೇಪ ಮೌನದ್ದು. ನಿಯಮವೇ ಗೊತ್ತಿಲ್ಲದವನ ಮೌನವನ್ನು ಒಪ್ಪಿಗೆ ಎನ್ನಲಾಗದು. ಹೊರಬರಲು ಸಂಬಳದವನಿಗೆ ಒಂದು ಕ್ಲಿಕ್ ಸಾಕಾಗಬಹುದು. ಕೂಲಿ ಬಿಟ್ಟು ಬ್ಯಾಂಕಿಗೆ ಅಲೆಯಬೇಕಾದವನಿಗೆ ಅದು ದುಬಾರಿ.

ಹಿತ ಯಾರದು ಎಂಬುದೂ ಪ್ರಶ್ನೆಯೇ. ಬರದ ಪರಿಹಾರ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯಂಥ ಘಟಕದ ಸರಾಸರಿ ಇಳುವರಿಯ ಮೇಲೆ ನಿಂತಿದೆ. ಸುತ್ತಲಿನವರ ಬೆಳೆ ಚೆನ್ನಾಗಿ ಬಂದರೆ ನಿಮ್ಮೊಬ್ಬರ ಹೊಲ ಒಣಗಿದರೂ ಹಣ ಬರದಿರಬಹುದು. ಸಾಲ ಕೊಟ್ಟ ಬ್ಯಾಂಕಿಗೂ ಈ ವಿಮೆ ತನ್ನ ಸಾಲಕ್ಕೊಂದು ಭದ್ರತೆಯಂತೆ ಕಾಣುತ್ತದೆ.

ಪ್ರಬಂಧದಲ್ಲಿ ತತ್ವಜ್ಞಾನಿ ಜಾನ್ ರಾಲ್ಸ್ ಅವರ ಬಹಿರಂಗತೆಯ ತತ್ವವನ್ನು, ಅಂದರೆ ಜನರ ಮುಂದೆ ಬಹಿರಂಗವಾಗಿ ಸಮರ್ಥಿಸಲಾಗದ ನೀತಿಯನ್ನು ಸರ್ಕಾರ ಅನುಸರಿಸಬಾರದು ಎಂಬುದನ್ನು ಬಳಸಿ: ಕಡಿತಕ್ಕೆ ಮುನ್ನ ಕನ್ನಡದಲ್ಲಿ ಸಂದೇಶ ಬಂದು, ಅದಕ್ಕೆ ಉತ್ತರಿಸಿದರೆ ಸಾಕು ಹೊರಬರಬಹುದು ಎಂದಿದ್ದರೆ ಈ ನಡ್ಜ್ ಆ ಪರೀಕ್ಷೆಯ ಹತ್ತಿರಕ್ಕೆ ಬರುತ್ತದೆ.