ತೇಜಸ್‌ಗೆ ಬಣ್ಣ ಬಳಿದರೆ ಸಾಲದೇ?

“ಯಲಹಂಕದ ಏರೋ ಇಂಡಿಯಾದಲ್ಲಿ ಎಫ್-35 ನೋಡಿ ಬಂದೆವು. ರೇಡಾರ್‌ಗೆ ಕಾಣಿಸದಂತೆ ಅದಕ್ಕೊಂದು ವಿಶೇಷ ಬಣ್ಣ ಬಳಿದಿರುತ್ತಾರಂತೆ. ಅದೇ ಬಣ್ಣ ನಮ್ಮ ತೇಜಸ್‌ಗೂ ಬಳಿದರೆ ಸಾಲದೇ? ಇನ್ನೊಂದು ಅನುಮಾನ: ಕಾಣಿಸುವುದೇ ಇಲ್ಲ ಅನ್ನುವುದಾದರೆ, 1999ರಲ್ಲಿ ಸರ್ಬಿಯಾದವರು ಅರವತ್ತರ ದಶಕದ ಕ್ಷಿಪಣಿಯಿಂದ ಅಮೆರಿಕದ ಎಫ್-117 ಅನ್ನು ಹೊಡೆದದ್ದು ಹೇಗೆ?”
— ಓದುಗರೊಬ್ಬರು, ತಿಪಟೂರು

ಸಾಲದು. ಸ್ಟೆಲ್ತ್, ಅಂದರೆ ರೇಡಾರ್‌ನ ಕಣ್ಣು ತಪ್ಪಿಸುವ ವಿಮಾನದ ಕೆಲಸದಲ್ಲಿ ಬಹುಪಾಲು ಅದರ ಆಕಾರದ್ದೇ. ಬಣ್ಣದ್ದು, ಅಂದರೆ ರೇಡಾರ್ ಅಲೆಗಳನ್ನು ಹೀರುವ ಲೇಪದ್ದು, ಆಕಾರ ಕೈಬಿಟ್ಟ ಕಡೆ ತೇಪೆ ಹಾಕುವ ಕೆಲಸ. ಆಕಾರಕ್ಕೆ ಅಷ್ಟು ಬಲ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಎಫ್-117 ಸಿಕ್ಕಿಬಿದ್ದದ್ದೂ ಅರ್ಥವಾಗುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ವಿಮಾನವೊಂದು ರೇಡಾರ್‌ಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಚದರ ಮೀಟರ್‌ನಲ್ಲೇ ಅಳೆಯುತ್ತಾರೆ. ರೇಡಾರ್ ಕ್ರಾಸ್ ಸೆಕ್ಷನ್, ಚಿಕ್ಕದಾಗಿ ಆರ್‌ಸಿಎಸ್ ಎನ್ನುವುದು ಇದನ್ನೇ. ವಿಮಾನದ ನಿಜವಾದ ಗಾತ್ರಕ್ಕೂ ಈ ಅಂಕಿಗೂ ನೇರ ಸಂಬಂಧವಿಲ್ಲ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಪ್ಪಟೆ ಲೋಹದ ತಗಡನ್ನು ತೆಗೆದುಕೊಳ್ಳಿ. ಕ್ಷಿಪಣಿಗೆ ದಾರಿ ತೋರುವ ರೇಡಾರ್‌ಗಳು ಸಾಮಾನ್ಯವಾಗಿ ಬಳಸುವ 3 ಸೆಂಟಿಮೀಟರ್ ಆಸುಪಾಸಿನ ಅಲೆ ಅದಕ್ಕೆ ನೇರವಾಗಿ ಬಡಿಯಲಿ. ಆಗ ಆರ್‌ಸಿಎಸ್ ಸೂತ್ರ σ = 4πA²/λ². ಇದರಲ್ಲಿ σ ಎಂದರೆ ಆರ್‌ಸಿಎಸ್, A ತಗಡಿನ ವಿಸ್ತೀರ್ಣ, λ ಅಲೆಯ ಉದ್ದ. ಲೆಕ್ಕ ಹಾಕಿದರೆ ಸುಮಾರು 14,000 ಚದರ ಮೀಟರ್ ಬರುತ್ತದೆ! ಒಂದು ಚದರ ಮೀಟರ್ ತಗಡು ಅಷ್ಟು ದೊಡ್ಡದಾಗಿ ಕಾಣುವುದು, ಅದು ಬಿದ್ದ ಶಕ್ತಿಯನ್ನೆಲ್ಲ ಕನ್ನಡಿಯ ಹಾಗೆ ಬಂದ ದಾರಿಯಲ್ಲೇ ವಾಪಸು ಕಳಿಸುವುದರಿಂದ.

ಈಗ ತಗಡನ್ನು 30 ಡಿಗ್ರಿ ಹಿಂದಕ್ಕೆ ವಾಲಿಸಿ. ಅಲೆಯ ಮುಖ್ಯ ಪಾಲು ಮೇಲಕ್ಕೆ ಚಿಮ್ಮಿ ಹೋಗುತ್ತದೆ, ರೇಡಾರ್‌ನತ್ತ ಮರಳುವುದು ಒಂದು ಚದರ ಮೀಟರ್ ಲೆಕ್ಕದಷ್ಟು ಮಾತ್ರ. ಹದಿನಾಲ್ಕು ಸಾವಿರ ಹೋಗಿ ಒಂದಾಯಿತು. ಆ ಒಂದು ಉಳಿದದ್ದೇಕೆ? ತಗಡಿನ ಮುಂದಿನ ಅಂಚು ಇನ್ನೂ ರೇಡಾರ್‌ಗೆ ಎದುರಾಗಿ, ಅಡ್ಡಲಾಗಿ ನಿಂತಿದೆ. ತಗಡನ್ನು ಅದರ ಸಮತಲದಲ್ಲೇ 45 ಡಿಗ್ರಿ ತಿರುಗಿಸಿ, ಮೂಲೆ ಮುಂದೆ ಬರುವಂತೆ ಮಾಡಿದರೆ ಅದೇ ಲೆಕ್ಕ ಚದರ ಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಇಷ್ಟಕ್ಕೂ ಲೇಪದ ಒಂದು ಹನಿಯೂ ಬೇಕಾಗಿಲ್ಲ. ಎಫ್-117ರ ಮೈ ವಜ್ರದಂತೆ ಕಡಿದ ಚಪ್ಪಟೆ ಮುಖಗಳಿಂದ ಕೂಡಿರುವುದೂ, ಅದರ ರೆಕ್ಕೆ 67.5 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುವುದೂ, ಬಾಗಿಲುಗಳ ಅಂಚು ಗರಗಸದ ಹಲ್ಲಿನಂತಿರುವುದೂ ಇದೇ ಕಾರಣಕ್ಕೆ. ಮುಂದಿನಿಂದ ನೋಡುವ ರೇಡಾರ್‌ಗೆ ಯಾವ ಮುಖವೂ, ಯಾವ ಅಂಚೂ ಎದುರಾಗಿ ನಿಲ್ಲಕೂಡದು.

ಮುಖಗಳನ್ನು ಹೀಗೆ ವಾಲಿಸಿದ ಮೇಲೂ ಅಂಚುಗಳಿಂದ ಒಂದಿಷ್ಟು ಅಲೆ ಚದುರಿ ವಾಪಸಾಗುತ್ತದೆ. ಮಾಸ್ಕೋದ ಪ್ಯೋತರ್ ಉಫಿಮ್ತ್ಸೆವ್ 1962ರಲ್ಲಿ ಪ್ರಕಟಿಸಿದ ಗಣಿತ ಇದನ್ನು ಲೆಕ್ಕ ಹಾಕುವ ದಾರಿ ತೋರಿಸಿತ್ತು. ಅದನ್ನು ಇಂಗ್ಲಿಷಿಗೆ ತಂದ ಅಮೆರಿಕದವರು, ಲಾಕ್‌ಹೀಡ್ ವಿಮಾನ ಕಂಪನಿಯ ಡೆನಿಸ್ ಓವರ್‌ಹೋಲ್ಸರ್ ನೇತೃತ್ವದಲ್ಲಿ 1975ರ ಹೊತ್ತಿಗೆ ಎಕೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಅಂದಿನ ಕಂಪ್ಯೂಟರ್‌ಗಳಿಗೆ ಚಪ್ಪಟೆ ಮುಖಗಳ ಲೆಕ್ಕವಷ್ಟೇ ನಿಲುಕುತ್ತಿತ್ತು. ಹಾಗಾಗಿ ಎಫ್-117 ಅಷ್ಟು ಒರಟಾಗಿ ಹುಟ್ಟಿತು. ಅಮೆರಿಕದ ಸ್ಟೆಲ್ತ್ ಬಾಂಬರ್ ಬಿ-2 ಬರುವ ಹೊತ್ತಿಗೆ ಬಾಗಿದ ಮೈಯನ್ನೂ ಲೆಕ್ಕ ಹಾಕುವ ಶಕ್ತಿ ಬಂದಿತ್ತು.

ಆಕಾರ ಕೈಕೊಡುವ ಜಾಗಗಳೂ ಇವೆ. ಎಂಜಿನ್‌ಗೆ ಗಾಳಿ ಒಳಹೋಗುವ ಬಾಯಿ ಅವುಗಳಲ್ಲಿ ಮುಖ್ಯ. ಒಳಹೊಕ್ಕ ಅಲೆ, ತಿರುಗುವ ಬ್ಲೇಡುಗಳಿಗೆ ಬಡಿದು ಹೊರಬರುತ್ತದೆ. ಎಫ್-117ರಲ್ಲಿ ಆ ಬಾಯಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಕಣ್ಣಿನ ಜಾಲರಿ ಹಾಕಿದ್ದರು. ಕಣ್ಣು ಅಲೆಗಿಂತ ಚಿಕ್ಕದಾದ್ದರಿಂದ ಅಲೆಗೆ ಅದು ಗೋಡೆ, ಗಾಳಿಗೆ ಮಾತ್ರ ದಾರಿ. ಆದರೆ ಜಾಲರಿಯ ಮೇಲೆ ಹಿಮ ಕಟ್ಟುತ್ತಿತ್ತು, ಅದನ್ನು ತೆಗೆಯಲು ಕಾರಿನ ಗಾಜಿಗಿರುವಂಥ ವೈಪರ್ ಕೂರಿಸಬೇಕಾಯಿತು! ಈಚಿನ ವಿಮಾನಗಳಲ್ಲಿ ಗಾಳಿ ಸಾಗುವ ಕೊಳವೆಯನ್ನೇ ಎಸ್ ಆಕಾರದಲ್ಲಿ ತಿರುಗಿಸಿ ಬ್ಲೇಡುಗಳನ್ನು ಮರೆಮಾಡುತ್ತಾರೆ. ಕಾಕ್‌ಪಿಟ್ ಗಾಜಿಗೆ ತೆಳುವಾದ ಲೋಹದ ಪೊರೆ ಕೊಡುತ್ತಾರೆ. ಇಲ್ಲದಿದ್ದರೆ ಪೈಲಟ್‌ನ ಹೆಲ್ಮೆಟ್ಟು, ಸೀಟು ಎಲ್ಲವೂ ರೇಡಾರ್‌ಗೆ ಕಾಣುತ್ತವೆ.

ಇನ್ನು ನೀವು ಕೇಳಿದ ಬಣ್ಣ. ರಬ್ಬರ್ ಅಥವಾ ಬಣ್ಣದಂಥ ಅಂಟಿನಲ್ಲಿ ಕಬ್ಬಿಣದ ಅತಿ ಸಣ್ಣ ಗುಂಡುಗಳನ್ನು ಕಲಸಿದ ಲೇಪ ಅದು. ಅಲೆಯ ಶಕ್ತಿ ಅದರೊಳಗೆ ಶಾಖವಾಗಿ ಕರಗುತ್ತದೆ. ಜೊತೆಗೆ ಲೇಪದ ದಪ್ಪ, ಅದರೊಳಗೆ ಸಾಗುವ ಅಲೆಯ ಉದ್ದದ ಕಾಲು ಭಾಗದಷ್ಟಿದ್ದರೆ ಮೇಲ್ಮೈಯಿಂದ ಮರಳಿದ ಅಲೆಯೂ ಒಳಗಿನ ಲೋಹದಿಂದ ಮರಳಿದ ಅಲೆಯೂ ಒಂದನ್ನೊಂದು ಅಳಿಸುತ್ತವೆ. 3 ಸೆಂಟಿಮೀಟರ್ ಅಲೆಗೆ ಗಾಳಿಯಲ್ಲಿ ಈ ಕಾಲು ಭಾಗ 7.5 ಮಿಲಿಮೀಟರ್. ಕಬ್ಬಿಣ ತುಂಬಿದ ಲೇಪದೊಳಗೆ ಅಲೆ ಕುಗ್ಗುವುದರಿಂದ ಒಂದೆರಡು ಮಿಲಿಮೀಟರ್ ಸಾಕು. ಆದರೂ ತೂಕ ಸಣ್ಣದಲ್ಲ. ಒಂದು ಮಿಲಿಮೀಟರ್ ದಪ್ಪದ ಇಂಥ ಲೇಪ ಚದರ ಮೀಟರಿಗೆ ಸುಮಾರು ನಾಲ್ಕು ಕಿಲೋ ತೂಗುತ್ತದೆ, ನೂರು ಚದರ ಮೀಟರ್ ಮೈಗೆ 400 ಕಿಲೋ. ಅದಕ್ಕೇ ಇದನ್ನು ಅಂಚು, ಬಾಯಿ, ಸಂದುಗಳಂಥ ಕಡೆ ಎಣಿಸಿ ಬಳಸುತ್ತಾರೆ.

ಲೇಪದ ನಿರ್ವಹಣೆಯೂ ಸಲೀಸಲ್ಲ. ರಿಪೇರಿಗೆ ಒಂದು ಮುಚ್ಚಳ ತೆಗೆದರೆ ಅದರ ಸಂದನ್ನು ಮತ್ತೆ ಪಟ್ಟಿ, ಮೆತ್ತೆಯಿಂದ ತುಂಬಿ, ಒಣಗಿಸಿ, ನಯಗೊಳಿಸಬೇಕು. ಬಿ-2ಗೆ ತೇವ, ಬಿಸಿ ಹತೋಟಿಯಲ್ಲಿರುವ ಹ್ಯಾಂಗರ್ ಬೇಕಾಗುತ್ತದೆ. ಎಫ್-117ಗಿಂತ ಮುಂಚಿನ ಪ್ರಾಯೋಗಿಕ ವಿಮಾನ ಹ್ಯಾವ್ ಬ್ಲೂ ಒಂದು ದಿನ ಇದ್ದಕ್ಕಿದ್ದಂತೆ ರೇಡಾರ್‌ನಲ್ಲಿ ಢಾಳಾಗಿ ಕಂಡಿತಂತೆ. ಇಳಿಸಿ ನೋಡಿದರೆ ಮೂರು ಸ್ಕ್ರೂಗಳು ಪೂರ್ತಿ ಬಿಗಿಯಾಗದೆ ಮೂರು ಮಿಲಿಮೀಟರ್‌ಗೂ ಕಡಿಮೆ ಮೇಲೆದ್ದಿದ್ದವು. ಉಳಿದ ಮೈ ಅಷ್ಟು ಮೌನವಾಗಿರುವಾಗ ಸ್ಕ್ರೂ ಕೂಡ ಸದ್ದು ಮಾಡುತ್ತದೆ.

ಈಗ ಸರ್ಬಿಯಾಕ್ಕೆ ಬರೋಣ. ಮೊದಲಿಗೆ, “ಕಾಣಿಸುವುದೇ ಇಲ್ಲ” ಎಂದು ವಿನ್ಯಾಸಕಾರರು ಯಾರೂ ಹೇಳುವುದಿಲ್ಲ. ರೇಡಾರ್‌ಗೆ ವಿಮಾನ ಎಷ್ಟು ದೂರದಿಂದ ಕಾಣುತ್ತದೆ ಎಂಬುದು ಆರ್‌ಸಿಎಸ್‌ನ ನಾಲ್ಕನೇ ಮೂಲವನ್ನು ಅನುಸರಿಸುತ್ತದೆ. 10 ಚದರ ಮೀಟರ್‌ನ ವಿಮಾನವನ್ನು 200 ಕಿಲೋಮೀಟರ್‌ನಿಂದ ಹಿಡಿಯುವ ರೇಡಾರ್, ಅದರ ಹತ್ತು ಸಾವಿರದಲ್ಲೊಂದು ಭಾಗದ ವಿಮಾನವನ್ನು 20 ಕಿಲೋಮೀಟರ್‌ನಿಂದ ಹಿಡಿಯುತ್ತದೆ. ಹತ್ತು ಸಾವಿರ ಪಟ್ಟು ಇಳಿಸಿದರೂ ದೂರ ಇಳಿದದ್ದು ಹತ್ತು ಪಟ್ಟು. ಅಷ್ಟೇ ಸಾಕು: ರೇಡಾರ್‌ಗಳ ನಡುವೆ ಕಿಂಡಿಗಳು ತೆರೆದುಕೊಳ್ಳುತ್ತವೆ, ಅವುಗಳ ಮೂಲಕ ಹಾದುಹೋಗಬಹುದು. ಕಿಂಡಿ ಎಲ್ಲಿದೆಯೆಂದು ಗೊತ್ತಿರಬೇಕು, ಅಷ್ಟೆ.

ಎರಡನೆಯದು ಅಲೆಯ ಉದ್ದ. ಸರ್ಬರ ಬಳಿ ಇದ್ದ ಪಿ-18 ಎಂಬ ಸೋವಿಯತ್ ಕಾಲದ ಹುಡುಕು ರೇಡಾರ್ ಸುಮಾರು 2 ಮೀಟರ್ ಅಲೆಯಲ್ಲಿ ಕೆಲಸ ಮಾಡುತ್ತದೆ. ನಮ್ಮ ತಗಡನ್ನೇ ಮತ್ತೆ ತನ್ನಿ. 2 ಮೀಟರ್ ಅಲೆ ನೇರವಾಗಿ ಬಡಿದರೆ ಆರ್‌ಸಿಎಸ್ ಸುಮಾರು 3 ಚದರ ಮೀಟರ್. 30 ಡಿಗ್ರಿ ವಾಲಿಸಿದರೆ ಒಂದು. ಮೂಲೆ ಮುಂದೆ ಬರುವಂತೆ ತಿರುಗಿಸಿದರೂ ಒಂದೇ. ತಗಡು ಅಲೆಗಿಂತ ಚಿಕ್ಕದಾದಾಗ ಈ ಸೂತ್ರ ಅಂದಾಜಿಗಷ್ಟೇ ಸಲ್ಲುತ್ತದೆ ನಿಜ, ಆದರೆ ಹೇಳುವ ಮಾತು ಸರಿ: ಅಷ್ಟು ಉದ್ದದ ಅಲೆಗೆ ತಗಡು ಕನ್ನಡಿಯೇ ಅಲ್ಲ, ಅದು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಬಾಲದ ರೆಕ್ಕೆ, ರೆಕ್ಕೆಯ ತುದಿಗಳಂಥ ಒಂದೆರಡು ಮೀಟರ್ ಭಾಗಗಳು ಆಂಟೆನಾಗಳಂತೆ ಅನುರಣಿಸುತ್ತವೆ. ಲೇಪದಿಂದ ಇದನ್ನು ತಡೆಯೋಣವೆಂದರೆ ಕಾಲು ಭಾಗದ ಲೆಕ್ಕ ಗಾಳಿಯಲ್ಲಿ 50 ಸೆಂಟಿಮೀಟರ್; ಲೇಪದೊಳಗೆ ಅಲೆ ಕುಗ್ಗಿದರೂ ಹತ್ತು ಸೆಂಟಿಮೀಟರ್ ಆಸುಪಾಸಿನ ದಪ್ಪ ಬೇಕು. ಬಾಲವಿಲ್ಲದ, ಬೃಹತ್ತಾದ ಬಿ-2 ಈ ವಿಷಯದಲ್ಲಿ ಗಟ್ಟಿ, ಯುದ್ಧವಿಮಾನದ ಗಾತ್ರದಲ್ಲಿ ಅದು ಕಷ್ಟ.

ಹಾಗಾದರೆ ಎಲ್ಲರೂ 2 ಮೀಟರ್ ರೇಡಾರ್ ಇಟ್ಟುಕೊಂಡರೆ ಮುಗಿಯಿತಲ್ಲ ಅನ್ನಬೇಡಿ. ರೇಡಾರ್ ಕಿರಣದ ಅಗಲ, ಸ್ಥೂಲವಾಗಿ, ಅಲೆಯ ಉದ್ದವನ್ನು ಆಂಟೆನಾದ ಅಗಲದಿಂದ ಭಾಗಿಸಿದಷ್ಟು. 2 ಮೀಟರ್ ಅಲೆಗೆ 10 ಮೀಟರ್ ಆಂಟೆನಾ ಇಟ್ಟರೂ 50 ಕಿಲೋಮೀಟರ್ ಆಚೆ ಕಿರಣ 10 ಕಿಲೋಮೀಟರ್ ಅಗಲ ಹರಡಿರುತ್ತದೆ. “ಆ ಕಡೆ ಏನೋ ಇದೆ” ಎನ್ನಬಹುದೇ ಹೊರತು ಕ್ಷಿಪಣಿಗೆ ಗುರಿ ಕೊಡಲಾಗದು. 3 ಸೆಂಟಿಮೀಟರ್ ಅಲೆಗೆ ಒಂದೂವರೆ ಮೀಟರ್ ಆಂಟೆನಾ ಸಾಕು, ಅಗಲ ಒಂದು ಕಿಲೋಮೀಟರ್‌ಗೆ ಇಳಿಯುತ್ತದೆ. ಆದರೆ ಸ್ಟೆಲ್ತ್ ಮಾಡಿರುವುದು ಆ ಅಲೆಯ ವಿರುದ್ಧವೇ.

1999ರ ಮಾರ್ಚ್ 27ರ ರಾತ್ರಿ ಜೊಲ್ತಾನ್ ದಾನಿ ಎಂಬ ಅಧಿಕಾರಿಯ ಎಸ್-125 ಕ್ಷಿಪಣಿ ಪಡೆ ಈ ಎರಡನ್ನೂ ಜೋಡಿಸಿತು. ಪಿ-18 ದಿಕ್ಕು ತೋರಿಸಿತು, ಗುರಿ ಹಿಡಿಯುವ ರೇಡಾರನ್ನು ಆ ಕಡೆಗೆ ಮಾತ್ರ, ಕೆಲವೇ ಸೆಕೆಂಡು ಆನ್ ಮಾಡಿದರು. ಹೆಚ್ಚು ಹೊತ್ತು ಉರಿಸಿದರೆ ರೇಡಾರ್ ಅರಸಿ ಬರುವ ಕ್ಷಿಪಣಿಗೆ ತಾವೇ ಗುರಿಯಾಗುವ ಭಯ. ಕ್ಷಿಪಣಿ ಹಾರಿಸಿದಾಗ ವಿಮಾನ ಸುಮಾರು 13 ಕಿಲೋಮೀಟರ್ ದೂರದಲ್ಲಿತ್ತು. ಅಷ್ಟು ಹತ್ತಿರಕ್ಕೆ ಬಂದದ್ದು ವಿಮಾನಗಳು ರಾತ್ರಿಯಿಂದ ರಾತ್ರಿಗೆ ಒಂದೇ ದಾರಿ ಹಿಡಿಯುತ್ತಿದ್ದುದರಿಂದ. ಹವಾಮಾನ ಕೆಟ್ಟಿದ್ದರಿಂದ ರೇಡಾರ್ ಕೆಡಿಸುವ ಪ್ರೌಲರ್ ವಿಮಾನಗಳೂ ಆ ರಾತ್ರಿ ಜೊತೆಗಿರಲಿಲ್ಲ. ವಿಮಾನ ಬುಜಾನೊವ್ತ್ಸಿ ಹಳ್ಳಿಯ ಹೊಲದಲ್ಲಿ ಬಿತ್ತು. ನಮ್ಮ ಮಟ್ಟಿಗೆ ಇದು ಸ್ಟೆಲ್ತ್ ಸೋತ ಕಥೆಗಿಂತ ದಾರಿ ಬದಲಿಸದವರ ಕಥೆ.

ತೇಜಸ್ ವಿಷಯಕ್ಕೆ ಬಂದರೆ, ಅದರ ವೈ ಆಕಾರದ ಗಾಳಿಕೊಳವೆ ಎಂಜಿನ್ ಬ್ಲೇಡುಗಳನ್ನು ಮರೆಮಾಡುತ್ತದೆ, ಗಾತ್ರವೂ ಚಿಕ್ಕದು. ಕಾರ್ಬನ್ ನಾರಿನ ಮೈ ಇದೆಯಲ್ಲ, ಅದು ರೇಡಾರ್‌ಗೆ ಕಾಣದು ಎನ್ನುವವರಿದ್ದಾರೆ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು, ಅಲೆಯನ್ನು ಚೆನ್ನಾಗಿಯೇ ಪ್ರತಿಫಲಿಸುತ್ತದೆ. ಆದರೆ ನಿಜವಾದ ತೊಡಕು ರೆಕ್ಕೆಯ ಕೆಳಗಿದೆ. ಕ್ಷಿಪಣಿ, ಇಂಧನದ ಟ್ಯಾಂಕು, ಅವನ್ನು ತೂಗುಹಾಕುವ ಪೈಲಾನ್ ಇವೆಲ್ಲ ರೆಕ್ಕೆಯ ಜೊತೆ ಲಂಬಕೋನದ ಮೂಲೆಗಳನ್ನು ಮಾಡುತ್ತವೆ. ಅಂಥ ಮೂಲೆಗೆ ಬಿದ್ದ ಅಲೆ ಬಂದ ಕಡೆಗೇ ಮರಳುತ್ತದೆ. ಎಫ್-35 ಆಯುಧಗಳನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು ಇದಕ್ಕೇ. ಬೆಂಗಳೂರಿನ ವಿಮಾನ ವಿನ್ಯಾಸ ಸಂಸ್ಥೆ ಎಡಿಎ ರೂಪಿಸುತ್ತಿರುವ ಆಮ್ಕಾ ವಿಮಾನದಲ್ಲೂ ಆಯುಧಕ್ಕೆ ಒಳಕೋಣೆ ಇದೆ. ತೇಜಸ್‌ಗೆ ಲೇಪ ಹಚ್ಚಿ ಆರ್‌ಸಿಎಸ್ ಅರ್ಧಕ್ಕಿಳಿಸಿದೆವು ಎಂದೇ ಇಟ್ಟುಕೊಳ್ಳಿ: ನಾಲ್ಕನೇ ಮೂಲದ ಲೆಕ್ಕದಲ್ಲಿ, 100 ಕಿಲೋಮೀಟರ್‌ನಿಂದ ಕಾಣುತ್ತಿದ್ದದ್ದು ಆಗ 84ರಿಂದ ಕಾಣುತ್ತದೆ.

— ಸಂಪಾದಕ