ಪ್ರೊಸೆಸಿಂಗ್ ಅಂತ ನಿಂತಿರೋ ವಿಡಿಯೋ: ಕಾಯ್ಬೇಕಾ, ತೆಗೀಬೇಕಾ?

ಪ್ರಶ್ನೆ: ಸರ್, ನಮ್ಮೂರ ಯಕ್ಷಗಾನ ಫೋನಲ್ಲಿ 4ಕೆ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕ್ಕೊಂಡು ಯೂಟ್ಯೂಬಿಗೆ ಏರಿಸಿದೀನಿ, 1 ಗಂಟೆ 10 ನಿಮಿಷ ಇದೆ. ರಾತ್ರಿನೇ ಅಪ್ಲೋಡ್ 100% ಆಯ್ತು, ಬೆಳಿಗ್ಗೆ ನೋಡಿದ್ರೂ ಪ್ರೊಸೆಸಿಂಗ್ ಅಂತಾನೇ ತೋರಿಸ್ತಿದೆ. ಡಿಲೀಟ್ ಮಾಡಿ ಮತ್ತೆ ಹಾಕ್ಲಾ?

ಉತ್ತರ: ಸದ್ಯಕ್ಕೆ ಡಿಲೀಟ್ ಮಾಡ್ಬೇಡಿ. ಮತ್ತೆ ಹಾಕಿದ್ರೆ ಅಷ್ಟು ದೊಡ್ಡ ಫೈಲು ಮೊದಲಿಂದ ಹೋಗ್ಬೇಕು, ಪ್ರೊಸೆಸಿಂಗೂ ಸೊನ್ನೆಯಿಂದ ಶುರು, ಸುಮ್ನೆ ಡೇಟಾ ದಂಡ.

ಅಪ್ಲೋಡ್ 100% ಅಂದ್ರೆ ಫೈಲು ಅವರ ಸರ್ವರಿಗೆ ತಲುಪಿದೆ ಅಂತ ಮಾತ್ರ. ಆಮೇಲೆ ಅವರು ಅದನ್ನ ಬೇರೆ ಬೇರೆ ಕ್ವಾಲಿಟಿಗೆ ಹೊಸದಾಗಿ ಎನ್‌ಕೋಡ್ ಮಾಡ್ತಾರೆ, ಮೊದಲು 360p ಥರದ ಸಣ್ಣವು, ನಂತರ ಎಚ್‌ಡಿ, ಕೊನೆಗೆ 4ಕೆ. ಈ ಕೆಲ್ಸ ನಡೆಯೋದು ಅವರ ಕಡೆ, ಹಾಗಾಗಿ ನೀವು ಟ್ಯಾಬ್ ಮುಚ್ಚಿದ್ರೂ ಕಂಪ್ಯೂಟರ್ ಆಫ್ ಮಾಡಿದ್ರೂ ಏನೂ ಆಗಲ್ಲ. ಎಷ್ಟು ಹೊತ್ತು ಹಿಡಿಯುತ್ತೆ ಅಂದ್ರೆ, 30 ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ 30 ಫ್ರೇಮು ಇರೋ ಒಂದು ಗಂಟೆ 4ಕೆ ವಿಡಿಯೋಗೆ 4 ಗಂಟೆವರೆಗೂ ಆಗ್ಬಹುದು ಅಂತ ಯೂಟ್ಯೂಬೇ ತನ್ನ ಹೆಲ್ಪ್ ಪೇಜಲ್ಲಿ ಹೇಳುತ್ತೆ, 60 ಎಫ್‌ಪಿಎಸ್ ಆದ್ರೆ ಇನ್ನೂ ಜಾಸ್ತಿ. ನಿಮ್ಮದು ಆ ಲೆಕ್ಕದಲ್ಲೇ ಹತ್ತಿರತ್ತಿರ ಐದು ಗಂಟೆ, ಫೋನು 60ರಲ್ಲಿ ಸೆಟ್ ಆಗಿದ್ರೆ ರಾತ್ರಿ ಪೂರ್ತಿ ಹಿಡಿದ್ರೂ ಆಶ್ಚರ್ಯ ಇಲ್ಲ.

ಇನ್ನು ನಿಜವಾಗ್ಲೂ ಮುಂದೆ ಹೋಗ್ತಿದ್ಯಾ ಅಂತ ತಿಳ್ಕೊಳ್ಳೋದು. ಅಲ್ಲಿ ಬರೋ ಪರ್ಸೆಂಟು, "ಇಷ್ಟು ನಿಮಿಷ ಬಾಕಿ" ಅನ್ನೋದನ್ನ ನಾನಂತೂ ನಂಬಲ್ಲ, ಅದು ಬರೀ ಅಂದಾಜು, ನಿಂತಲ್ಲೇ ನಿಂತು ಆಮೇಲೆ ಒಮ್ಮೆಲೇ ಜಿಗಿಯುತ್ತೆ. ಅದರ ಬದಲು ಯೂಟ್ಯೂಬ್ ಸ್ಟುಡಿಯೋದಲ್ಲಿ Content ಲಿಸ್ಟ್ ತೆಗೀರಿ, ಪೇಜ್ ರಿಫ್ರೆಶ್ ಮಾಡಿ, ನಿಮ್ಮ ವಿಡಿಯೋ ಪಕ್ಕ 1:10ರ ಅವಧಿ ಬಂದಿದ್ಯಾ, ತಾನಾಗೇ ತೆಗೆದ ಥಂಬ್‌ನೇಲ್ ಬಂದಿದ್ಯಾ ನೋಡಿ. ಬಂದಿದ್ರೆ ಫೈಲು ಅವರಿಗೆ ಓದಕ್ಕೆ ಆಗಿದೆ ಅಂತ ಅರ್ಥ, ಅರ್ಧ ಚಿಂತೆ ಬಿಡಿ. ಆಮೇಲೆ ಲಿಂಕ್ ಓಪನ್ ಮಾಡಿ ಪ್ಲೇ ಮಾಡಿ, ಗೇರ್ ಗುರುತು ಒತ್ತಿ Quality ನೋಡಿ. ಈಗ ಬರೀ 360p ಇದ್ದು, ಒಂದೆರಡು ಗಂಟೆ ಬಿಟ್ಟು ನೋಡಿದಾಗ 720p, 1080p ಸೇರಿದ್ರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ, 2160p, ಅಂದ್ರೆ 4ಕೆ ಬರೋವರೆಗೆ ಪ್ರೈವೇಟಲ್ಲೇ ಇಟ್ಟು ಕಾಯಿರಿ. ಅವಸರಕ್ಕೆ ಪಬ್ಲಿಕ್ ಮಾಡಿದ್ರೆ ಜನ ಮಸುಕು ಮಸುಕಾಗಿರೋದನ್ನ ನೋಡಿ ಕ್ಯಾಮೆರಾ ಸರಿ ಇಲ್ಲ ಅಂತ ಕಾಮೆಂಟ್ ಹಾಕ್ತಾರೆ.

ಅವಧಿಯೂ ಇಲ್ಲ, ಥಂಬ್‌ನೇಲೂ ಇಲ್ಲ, ಗಂಟೆಗಟ್ಟಲೆ "Processing will begin shortly" ಅಂತಾನೇ ಇದ್ರೆ ಆಗ ಅನುಮಾನ ಪಡ್ಬೇಕು. ತಪ್ಪು ಯಾರ ಕಡೆ ಅಂತ ತಿಳಿಯೋಕೆ ಬೇರೆ ಯಾವುದಾದ್ರೂ ಅರ್ಧ ನಿಮಿಷದ ಕ್ಲಿಪ್ ಪ್ರೈವೇಟ್ ಆಗಿ ಹಾಕಿ ನೋಡಿ. ಅದೂ ಸಿಕ್ಕಾಕ್ಕೊಂಡ್ರೆ ತೊಂದ್ರೆ ಯೂಟ್ಯೂಬ್ ಕಡೆದು, ಕಾಯೋದೊಂದೇ ದಾರಿ. ಅದು ಐದು ಹತ್ತು ನಿಮಿಷದಲ್ಲಿ ಮುಗಿದು ಯಕ್ಷಗಾನ ಮಾತ್ರ ಅಲ್ಲೇ ಇದ್ರೆ ನಿಮ್ಮ ಫೈಲೇ ಕೆಟ್ಟಿರೋ ಸಾಧ್ಯತೆ ಜಾಸ್ತಿ.

ಅದು ಹೇಗೆ ಕೆಡುತ್ತೆ ಅಂದ್ರೆ, ಎಂಪಿ4 ಫೈಲ್ ಒಳಗೆ moov ಅಂತ ಒಂದು ಭಾಗ ಇರುತ್ತೆ, ಯಾವ ಫ್ರೇಮು ಎಲ್ಲಿದೆ ಅಂತ ಹೇಳೋ ಪರಿವಿಡಿ ಇದ್ದಂಗೆ. ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ ಅದನ್ನ ಕೊನೇಲಿ ಬರೀತಾರೆ. ಹಾಗಾಗಿ ರೆಕಾರ್ಡ್ ಆಗ್ತಾ ಬ್ಯಾಟರಿ ಸತ್ತುಹೋದ್ರೂ, ಫೋನಿಂದ ಕಾಪಿ ಮಾಡುವಾಗ ಕೇಬಲ್ ಅಲುಗಾಡಿ ಕೊನೇ ಸ್ವಲ್ಪ ಬರದೇ ಹೋದ್ರೂ, ಹತ್ತಾರು ಜಿಬಿ ಇದ್ದೂ ಪ್ರಯೋಜನ ಇಲ್ಲ. ಮೊದಲು ಕಂಪ್ಯೂಟರಲ್ಲಿರೋ ಫೈಲಿನ ಸೈಜು ಫೋನಲ್ಲಿರೋದಕ್ಕೆ ಸರಿಯಾಗಿ ಹೊಂದುತ್ತಾ ನೋಡಿ, ಪ್ಲೇಯರಲ್ಲಿ ಹಾಕಿ ಕೊನೇ ನಿಮಿಷಕ್ಕೆ ಎಳೆದು ಚಿತ್ರ, ಚೆಂಡೆ ಸದ್ದು ಎರಡೂ ಬರುತ್ತಾ ನೋಡಿ. ಕಂಪ್ಯೂಟರಲ್ಲಿ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಟೂಲ್ ಇದ್ರೆ, yaksha.mp4 ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ ಈ ಕಮಾಂಡ್ ಕೊಡಿ:

```
ffmpeg -i yaksha.mp4 -c copy -movflags +faststart hosa.mp4
```

ಇದು ಕ್ವಾಲಿಟಿ ಮುಟ್ಟದೇ ಆ ಪರಿವಿಡಿಯನ್ನ ಮುಂದಕ್ಕೆ ತಂದಿಡುತ್ತೆ, ಯೂಟ್ಯೂಬೂ ಹಾಗೆ ಇಡಿ ಅಂತಾನೇ ಹೇಳೋದು. ಆದ್ರೆ "moov atom not found" ಅಂತ ಬಂದ್ರೆ ಆ ಕಾಪಿ ಈ ಕಮಾಂಡಿಗೆ ರಿಪೇರಿ ಆಗಲ್ಲ, ಫೋನಿಂದ ಮತ್ತೆ ಕಾಪಿ ಮಾಡ್ಕೊಳ್ಳಿ. ಫೋನಲ್ಲಿರೋ ಒರಿಜಿನಲ್ ಕೊನೇವರೆಗೂ ಸರಿಯಾಗಿ ಪ್ಲೇ ಆಗುತ್ತೆ ಅಂತ ಖಾತ್ರಿ ಮಾಡ್ಕೊಂಡು, ಹೊಸ ಫೈಲು ಏರಿಸಿ, ಅದರ ಪಕ್ಕ ಅವಧಿ ಕಾಣಿಸಿದ ಮೇಲೆ ಹಳೇದನ್ನ ತೆಗೀರಿ.