ಹನೋಯ್ ಗೋಪುರ: ಒಂದು ಡಿಸ್ಕ್ ಸೇರಿದರೆ ಕೆಲಸ ಯಾಕೆ ಎರಡರಷ್ಟು?

ಪ್ರಶ್ನೆ: ಹನೋಯ್ ಗೋಪುರದ ರಿಕರ್ಶನ್ ಕೋಡ್ ಓದಿದೆ, ಓಡಿಸಿಯೂ ನೋಡಿದೆ. 3 ಡಿಸ್ಕಿಗೆ 7 ನಡೆ, 4ಕ್ಕೆ 15. ಸೇರಿದ್ದು ಒಂದೇ ಡಿಸ್ಕ್ ತಾನೆ? ಯಾಕೆ ಎರಡು ಪಟ್ಟಾಗುತ್ತೆ?

ನನಗೂ ಮೊದಲು ಇದು ತಲೆಗೆ ಹತ್ತಿರಲಿಲ್ಲ. ಮೇಲಿನ ಪುಟ್ಟ ಡಿಸ್ಕನ್ನೇ ನೋಡುತ್ತಾ ಕೂತಿದ್ದೆ. ನೀವು ತಳದ ದೊಡ್ಡದನ್ನು ನೋಡಿ.

A, B, C ಅಂತ ಮೂರು ಕಂಬ. 4 ಡಿಸ್ಕ್ A ಕಂಬದಲ್ಲಿವೆ, C ಗೆ ಹೋಗಬೇಕು. ಒಂದು ನಡೆಗೆ ಒಂದೇ ಡಿಸ್ಕ್, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ದೊಡ್ಡದು C ಗೆ ಹೊರಡುವ ಆ ಗಳಿಗೆಯಲ್ಲಿ ಅದರ ತಲೆ ಮೇಲೆ ಏನೂ ಇರಬಾರದು. C ಕೂಡ ಖಾಲಿ ಇರಬೇಕು, ಯಾಕೆಂದರೆ ಉಳಿದವೆಲ್ಲ ಅದಕ್ಕಿಂತ ಚಿಕ್ಕವು. ಹಾಗಾದರೆ ಉಳಿದ ಮೂರೂ ಎಲ್ಲಿರಬೇಕು? B ಮೇಲೆ, ಒಂದರ ಮೇಲೊಂದು. ಬೇರೆ ದಾರಿಯೇ ಇಲ್ಲ. ಮೂರನ್ನು B ಗೆ ಸಾಗಿಸಲು 7 ನಡೆ, ದೊಡ್ಡದಕ್ಕೆ 1, ಆಮೇಲೆ ಅದೇ ಮೂರನ್ನು B ಯಿಂದ C ಗೆ ತರಲು ಮತ್ತೆ 7. ಒಟ್ಟು 15. ಕೋಡ್ ಹೇಳುವುದೂ ಇಷ್ಟೇ:

```python
def hanoi(n, a, b, c):
    if n == 0: return
    hanoi(n-1, a, c, b)
    print(n, a, c)
    hanoi(n-1, b, a, c)
```

ಫಂಕ್ಷನ್ ತನ್ನನ್ನೇ ಎರಡು ಸಲ ಕರೆಯುತ್ತದೆ, ನಡುವೆ ಒಂದು ನಡೆ. ಸರಿಯಾಗಿ ಹೇಳಬೇಕೆಂದರೆ ಎರಡು ಪಟ್ಟು ಅಲ್ಲ, ಎರಡು ಪಟ್ಟು ಮತ್ತು ಒಂದು. ಹಾಗಾಗಿಯೇ `2^n - 1`.

"ಸೇರಿದ್ದು ಒಂದೇ ಡಿಸ್ಕ್ ತಾನೆ" ಅಂದಿರಲ್ಲ, ಈಗ ಅದಕ್ಕೆ ಬರೋಣ. ಹೊಸ ಡಿಸ್ಕನ್ನು ತಳಕ್ಕಲ್ಲ, ಎಲ್ಲಕ್ಕಿಂತ ಚಿಕ್ಕದಾಗಿ ಮೇಲೆ ಇಟ್ಟೆವು ಅಂದುಕೊಳ್ಳಿ. ಕೆಳಗಿನ ಮೂರಕ್ಕೆ ಹೇಗೂ 7 ನಡೆ ಬೇಕು. ಪ್ರತಿ ಸಲವೂ ಈ ಚಿಕ್ಕದು ದಾರಿ ಬಿಡಬೇಕು. ಅದು ಒಂದು ಕಂಬದಲ್ಲಿ ಸುಮ್ನೆ ಕೂತಿದ್ದರೆ, ಮಿಕ್ಕ ಎರಡು ಕಂಬಗಳ ನಡುವೆ ಆಗಬಹುದಾದ ನಡೆ ಒಂದೇ. ತಕ್ಷಣ ಇನ್ನೊಂದು ನಡೆದರೆ ಈಗ ಸರಿಸಿದ್ದನ್ನೇ ವಾಪಸ್ ಇಟ್ಟಂತೆ. ಅದಕ್ಕೇ 7 ನಡೆಗಳ ಮೊದಲು ಒಮ್ಮೆ, ನಡುವಿನ ಪ್ರತಿ ಸಂದಿನಲ್ಲಿ ಒಮ್ಮೆ, ಕೊನೆಗೊಮ್ಮೆ ಚಿಕ್ಕದು ಸರಿಯಬೇಕು. ಅದು 8. ಏಳು ಮತ್ತು ಎಂಟು, ಮತ್ತೆ 15! ನನಗೆ ಈ ಲೆಕ್ಕವೇ ಜಾಸ್ತಿ ಇಷ್ಟ. ದೊಡ್ಡದು 1 ಸಲ, ಅದರ ಮೇಲಿನದು 2, ಆಮೇಲೆ 4, ಆಮೇಲೆ 8 ಸಲ ಸರಿಯುತ್ತವೆ.

ಕೈಯಲ್ಲಿ ಆಡುವಾಗ ತಪ್ಪಿದ್ದು ಗೊತ್ತಾಗುವುದೂ ಇದರಿಂದಲೇ. ಚಿಕ್ಕದನ್ನು ಬೆನ್ನುಬೆನ್ನಿಗೆ ಎರಡು ಸಲ ಸರಿಸಿದಿರಾ? ಒಂದು ನಡೆ ದಂಡ. ಇನ್ನು ಮೊದಲ ನಡೆ: ಡಿಸ್ಕ್ 3 ಇದ್ದರೆ ಚಿಕ್ಕದು ನೇರ C ಗೆ, 4 ಇದ್ದರೆ B ಗೆ, ಏಕೆಂದರೆ ರಿಕರ್ಶನ್ ಒಂದೊಂದು ಮೆಟ್ಟಿಲು ಇಳಿದಾಗಲೂ ಗುರಿಯ ಕಂಬ ಅದಲುಬದಲಾಗುತ್ತದೆ. 4ಕ್ಕೂ C ಯಿಂದಲೇ ಶುರು ಮಾಡಿದರೆ, 7 ನಡೆ ಆದ ಮೇಲೆ ಮೂರೂ C ಮೇಲೆ ಕೂತಿರುತ್ತವೆ, ದೊಡ್ಡದಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.